ಸ್ಲೈಡಿನ ಮೂಲೆಯಲ್ಲೊಂದು ಸಂಖ್ಯೆ

ಇನ್‌ಸ್ಟಾಗ್ರಾಂನ ಒಂದೇ ಪೋಸ್ಟಿನೊಳಗೆ ಬೆರಳಿನಿಂದ ಸರಿಸುತ್ತ ನೋಡುವ ಚಿತ್ರಗಳ ಸಾಲಿಗೆ ಕ್ಯಾರೊಸೆಲ್ ಎಂದು ಹೆಸರು. 2017ರಲ್ಲಿ ಈ ಸೌಲಭ್ಯ ಬಂದಾಗ 10 ಸ್ಲೈಡುಗಳ ಮಿತಿಯಿತ್ತು. 2024ರಲ್ಲಿ ಅದು 20ಕ್ಕೆ ಏರಿತು. ಒಂದೊಂದು ಸ್ಲೈಡಿಗೂ ಚಿತ್ರ ಬದಲಾಗುತ್ತದೆ, ಬರಹ ಬದಲಾಗುತ್ತದೆ. ಇವುಗಳ ನಡುವೆ ಜಾಗ ಬಿಟ್ಟು ಕದಲದ ಒಂದು ಗುರುತು ಇದ್ದರೆ ಇವೆಲ್ಲ ಒಂದೇ ಸಾಲಿಗೆ ಸೇರಿದವೆಂದು ಓದುಗರಿಗೆ ತಿಳಿಯುತ್ತದೆ, ಇನ್ನೆಷ್ಟು ಉಳಿದಿದೆ ಎಂಬುದೂ ಗೊತ್ತಾಗುತ್ತದೆ. ಸಾಮಾನ್ಯವಾಗಿ ಆ ಗುರುತು ‘3/8’ ಎಂಬಂಥ ಸಂಖ್ಯೆ, ಇಲ್ಲವೇ ಸ್ಲೈಡಿನಿಂದ ಸ್ಲೈಡಿಗೆ ಉದ್ದವಾಗುತ್ತ ಹೋಗುವ ಪಟ್ಟಿ.

ಆ್ಯಪ್ ಕೂಡ ಇಂಥ ಗುರುತು ಕೊಡುತ್ತದೆ. ಚಿತ್ರದ ಮೇಲ್ಭಾಗದ ಬಲಮೂಲೆಯಲ್ಲಿ ಕಾಣಿಸುವ ಎಣಿಕೆ ಕೆಲವೇ ಕ್ಷಣಗಳಲ್ಲಿ ಮಾಯವಾಗುತ್ತದೆ. ಕೆಳಗಿನ ಚುಕ್ಕಿಗಳನ್ನು ಎಣಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ. ಯಾರಾದರೂ ಒಂದು ಸ್ಲೈಡನ್ನಷ್ಟೇ ಉಳಿಸಿಕೊಂಡು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಇವೆರಡೂ ಅದರ ಜೊತೆ ಹೋಗುವುದಿಲ್ಲ. ಚಿತ್ರದೊಳಗೇ ‘5/8’ ಎಂದಿದ್ದರೆ, ಇದಕ್ಕೆ ಹಿಂದುಮುಂದು ಇದೆ ಎಂಬುದು ಪಡೆದವರಿಗೆ ಗೊತ್ತಾಗುತ್ತದೆ.

ಮೊದಲು ತೀರ್ಮಾನಿಸಬೇಕಾದದ್ದು ಸಂಖ್ಯೆ ಏನನ್ನು ಎಣಿಸುತ್ತದೆ ಎಂಬುದನ್ನು. ಹೆಚ್ಚಿನ ಕ್ಯಾರೊಸೆಲ್‌ಗಳು ಎಡವುವುದು ಇಲ್ಲೇ. ಬಿಸಿಬೇಳೆ ಬಾತ್ ಮಾಡುವ ವಿಧಾನವನ್ನು 8 ಸ್ಲೈಡುಗಳಲ್ಲಿ ಹೇಳಬೇಕಿದೆ ಎನ್ನೋಣ. ಮೊದಲನೆಯದು ಮುಖಪುಟ, ಎರಡನೆಯದು ಸಾಮಗ್ರಿಗಳ ಪಟ್ಟಿ. ಮೂರರಿಂದ ಏಳರವರೆಗೆ ಐದು ಹಂತಗಳು: ಅಕ್ಕಿ–ಬೇಳೆ ಬೇಯಿಸುವುದು, ತರಕಾರಿ ಬೇಯಿಸುವುದು, ಹುಣಸೆರಸಕ್ಕೆ ಪುಡಿ ಹಾಕಿ ಕುದಿಸುವುದು, ಎಲ್ಲವನ್ನೂ ಬೆರೆಸುವುದು, ಒಗ್ಗರಣೆ. ಎಂಟನೆಯದು ಬಡಿಸಿದ ತಟ್ಟೆ. ಬೇಳೆ ಬೇಯಿಸುವ ಸ್ಲೈಡಿನ ಮೇಲೆ ದೊಡ್ಡದಾಗಿ ‘1’ ಎಂದು ಬರೆದರೆ ಆ್ಯಪ್ ಅದೇ ಹೊತ್ತಿಗೆ ‘3/8’ ಎಂದು ತೋರಿಸುತ್ತದೆ. ಎರಡು ಲೆಕ್ಕಗಳ ನಡುವೆ ಓದುಗರು ಗೊಂದಲಕ್ಕೆ ಬೀಳುತ್ತಾರೆ.

ಪರಿಹಾರ ಕಷ್ಟದ್ದಲ್ಲ. ಅಂಕಿ ಅಡುಗೆಯ ಹಂತವನ್ನಷ್ಟೇ ಎಣಿಸಲಿ, ಅದರ ಪಕ್ಕದಲ್ಲಿ ‘ಹಂತ’ ಎಂಬ ಪದವೂ ಇರಲಿ. ಸ್ಲೈಡುಗಳ ಎಣಿಕೆಯನ್ನು ಅಂಕಿಯಿಲ್ಲದ ಪಟ್ಟಿಗೆ ಬಿಡಬಹುದು. 1080×1350 ಪಿಕ್ಸೆಲ್ ಅಳತೆಯ ಸ್ಲೈಡಿನಲ್ಲಿ ಎರಡೂ ಬದಿಗೆ 80 ಪಿಕ್ಸೆಲ್ ಅಂಚು ಬಿಟ್ಟರೆ ಪಟ್ಟಿಗೆ 920 ಪಿಕ್ಸೆಲ್ ಉಳಿಯುತ್ತದೆ. ಅದನ್ನು ಎಂಟರಿಂದ ಭಾಗಿಸಿದರೆ ಸ್ಲೈಡೊಂದಕ್ಕೆ 115. ಮುಖಪುಟದಲ್ಲಿ 115 ಪಿಕ್ಸೆಲ್ ತುಂಬಿದ ಪಟ್ಟಿ ಒಗ್ಗರಣೆಯ ಸ್ಲೈಡಿನಲ್ಲಿ 805ಕ್ಕೆ ಬಂದಿರುತ್ತದೆ, ತಟ್ಟೆಯ ಚಿತ್ರದಲ್ಲಿ ಪೂರ್ತಿ ತುಂಬುತ್ತದೆ. ಪಟ್ಟಿಯನ್ನು ತುಂಡು ತುಂಡಾಗಿ ಮೇಲ್ಭಾಗದಲ್ಲಿ ಇಡದಿರುವುದೇ ಮೇಲು. ಸ್ಟೋರಿಗಳಲ್ಲಿ ತಾನಾಗಿ ಮುಂದೆ ಹೋಗುವ ಗೆರೆಗಳೂ ಹಾಗೆಯೇ ಇರುವುದರಿಂದ, ಸ್ಲೈಡೂ ತಾನೇ ಸರಿಯುತ್ತದೆಂದು ಕೆಲವರು ಕಾಯಬಹುದು.

ಇನ್ನು ಜಾಗದ ವಿಷಯ. ಬಲ ಮೇಲ್ಮೂಲೆ ಆ್ಯಪ್‌ನ ಎಣಿಕೆಗೆ ಸೇರಿದ್ದು. ಅಂಕಿಗೆ ಎಡ ಮೇಲ್ಮೂಲೆಯೇ ಸರಿ. ಎಲ್ಲ ಸ್ಲೈಡುಗಳಲ್ಲೂ ಅದು ಒಂದು ಪಿಕ್ಸೆಲ್ಲೂ ಆಚೀಚೆ ಆಗದಂತೆ ಅದೇ ಜಾಗದಲ್ಲಿರಬೇಕು. ಕೈಯಿಂದ ಎಳೆದು ಅಂದಾಜಿನಲ್ಲಿ ಕೂರಿಸಿದರೆ ಇದು ಸಾಧ್ಯವಿಲ್ಲ. ಒಂದು ಸ್ಲೈಡನ್ನು ಪೂರ್ತಿ ಸಿದ್ಧಪಡಿಸಿ, ಅದರ ನಕಲು ತೆಗೆದು, ಒಳಗಿನ ವಿಷಯವನ್ನಷ್ಟೇ ಬದಲಿಸುವುದು ಸುಲಭದ ದಾರಿ. ಅಂಕಿಯನ್ನು ನಡುವಿಗೆ ಹೊಂದಿಸದೆ ಎಡಕ್ಕೆ ಹೊಂದಿಸಬೇಕು. ಅನೇಕ ಫಾಂಟ್‌ಗಳಲ್ಲಿ ‘1’ ಕಿರಿದು, ‘4’ ಅಗಲ. ನಡುವಿಗೆ ಹೊಂದಿಸಿದರೆ ಪಕ್ಕದ ಪದ ಸ್ಲೈಡಿನಿಂದ ಸ್ಲೈಡಿಗೆ ಅಲುಗುತ್ತದೆ. ಸಿದ್ಧವಾದ ಚಿತ್ರಗಳನ್ನು ಫೋನಿನ ಗ್ಯಾಲರಿಯಲ್ಲಿ ಬೇಗಬೇಗ ಸರಿಸಿ ನೋಡಿದರೆ ಈ ದೋಷ ಕಣ್ಣಿಗೆ ಬೀಳುತ್ತದೆ.

ಕನ್ನಡ ಅಂಕಿಗಳು ಚೆಂದ ಕಾಣುತ್ತವೆ, ಬಳಸಬಾರದೆಂದೇನೂ ಇಲ್ಲ. ಆದರೆ ಸಣ್ಣ ಗಾತ್ರದಲ್ಲಿ ೬ ಮತ್ತು ೯ರ ವ್ಯತ್ಯಾಸ ಮಸುಕಾಗುತ್ತದೆ, ೦ ಅನುಸ್ವಾರದಂತೆ ಕಾಣುತ್ತದೆ. ಆದ್ದರಿಂದ ಅವನ್ನು ಸ್ವಲ್ಪ ದೊಡ್ಡದಾಗಿಯೇ ಬರೆಯಬೇಕು. ಯಾವ ಅಂಕಿಯಾದರೂ ಕೊನೆಯ ಸ್ಲೈಡಿನವರೆಗೆ ಅದೇ ಇರಬೇಕು. ಬಿಳಿ ಅಂಕಿ ಬೇಳೆಯ ಚಿತ್ರದ ಮೇಲೆ ಸ್ಪಷ್ಟವಾಗಿದ್ದು ಅನ್ನದ ಮೇಲೆ ಕಾಣದೆ ಹೋಗುವುದುಂಟು. ಅದರ ಹಿಂದೆ ಗಾಢ ಬಣ್ಣದ ಚೌಕವೊಂದಿದ್ದರೆ ಆ ತೊಂದರೆಯಿಲ್ಲ.

ಸಂಖ್ಯೆ ಹಾಕುವ ಕೆಲಸವನ್ನು ಕೊನೆಗೆ ಉಳಿಸಿಕೊಳ್ಳಬೇಕು. ತರಕಾರಿಯ ಹಂತವನ್ನು ಬೇಳೆಯ ಹಂತಕ್ಕೇ ಸೇರಿಸಿದರೆ ಹಂತಗಳು ನಾಲ್ಕಾಗುತ್ತವೆ, ಸ್ಲೈಡುಗಳು ಏಳು. ಪಟ್ಟಿಯ ಅಳತೆ 115ರಿಂದ ಸುಮಾರು 131ಕ್ಕೆ ಏರುತ್ತದೆ. ಹಳೆಯ ಪಟ್ಟಿಯನ್ನು ಹಾಗೇ ಬಿಟ್ಟರೆ ಅದು ತುಂಬುವ ಮೊದಲೇ ಸಾಲು ಮುಗಿದು, ಏನೋ ಬಿಟ್ಟುಹೋಗಿದೆ ಎಂದು ಓದುಗರು ಹುಡುಕುತ್ತಾರೆ.

ಮದುವೆಯ ಫೋಟೊಗಳಂತೆ ಯಾವ ಕ್ರಮದಲ್ಲಿ ನೋಡಿದರೂ ನಡೆಯುವ ಸಾಲಿಗೆ ಇವೆಲ್ಲ ಬೇಡ. ಹಂತಗಳಿರುವಲ್ಲಿ ಮಾತ್ರ ಇನ್ನೊಂದು ಕೆಲಸ ಉಳಿಯುತ್ತದೆ: ಚಿತ್ರದೊಳಗಿನ ಅಂಕಿ ದೃಷ್ಟಿಯಿಲ್ಲದವರ ಫೋನಿಗೆ ಓದಲು ಸಿಗುತ್ತದೆಂಬ ಭರವಸೆಯಿಲ್ಲ. ಪ್ರತಿ ಸ್ಲೈಡಿನ ಆಲ್ಟ್ ಟೆಕ್ಸ್ಟ್‌ನಲ್ಲಿ ‘ಹಂತ 3, ಒಟ್ಟು 5’ ಎಂದು ಮೊದಲು ಬರೆದು ಆಮೇಲೆ ವಿವರ ಕೊಟ್ಟರೆ, ಕಿವಿಯಿಂದ ಓದುವವರಿಗೂ ತಾವೆಲ್ಲಿದ್ದೇವೆಂದು ತಿಳಿಯುತ್ತದೆ.