ಖಾಲಿ ಇದ್ದ ದಿನಗಳೂ ಲೆಕ್ಕಕ್ಕಿವೆ

ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ 500 ಮಿ.ಗ್ರಾಂ. ಮಾತ್ರೆ ಮೆಡಿಕಲ್ ಶಾಪಿನಲ್ಲಿ ದಿನವೂ ಹೋಗುವ ಸರಕು. ಎಷ್ಟು ಸ್ಟ್ರಿಪ್ ಉಳಿದಾಗ ಸ್ಟಾಕಿಸ್ಟ್‌ಗೆ ಫೋನ್ ಮಾಡಬೇಕು? ಆ ಸಂಖ್ಯೆಗೆ ರೀಆರ್ಡರ್ ಲೆವೆಲ್ ಎನ್ನುತ್ತಾರೆ. ಹೆಚ್ಚಿನ ಅಂಗಡಿಗಳಲ್ಲಿ ಅದು ಮಾಲೀಕರ ತಲೆಯಲ್ಲಿರುತ್ತದೆ. ಅವರು ಊರಿಗೆ ಹೋದ ವಾರವೇ ಮಾತ್ರೆ ಮುಗಿಯುತ್ತದೆ.

ಶೀಟಿನಲ್ಲಿ ಹಳೆಯ ಮಾರಾಟ ಇದ್ದರೆ ಈ ಸಂಖ್ಯೆ ತೆಗೆಯುವುದು ಸುಲಭ. ದಿನಕ್ಕೆ ಸರಾಸರಿ ಎಷ್ಟು ಹೋಗುತ್ತದೋ ಅದನ್ನು, ಆರ್ಡರ್ ಕೊಟ್ಟ ಮೇಲೆ ಮಾಲು ಬರಲು ಹಿಡಿಯುವ ದಿನಗಳಿಂದ ಗುಣಿಸಿದರಾಯಿತು. ಎಡವಟ್ಟಾಗುವುದು ಆ ಸರಾಸರಿಯಲ್ಲೇ.

ಒಂದು ಅಂಗಡಿಯಲ್ಲಿ ಜನವರಿಯಿಂದ ಜೂನ್‌ವರೆಗಿನ 181 ದಿನಗಳಲ್ಲಿ 780 ಸ್ಟ್ರಿಪ್ ಹೋಗಿವೆ ಎನ್ನಿ. ಭಾಗಿಸಿದರೆ ದಿನಕ್ಕೆ 4.3. ಆದರೆ ಅದರಲ್ಲಿ 25 ದಿನ ಮಾತ್ರೆಯೇ ಇರಲಿಲ್ಲ. ಆ ದಿನಗಳಲ್ಲಿ ಕೇಳಿಕೊಂಡು ಬಂದವರು ಪಕ್ಕದ ಅಂಗಡಿಗೆ ಹೋದರು. ಶೀಟಿನಲ್ಲಿ ಉಳಿದದ್ದು ಸೊನ್ನೆ. ಮಾಲು ಇದ್ದ 156 ದಿನಗಳಿಂದ ಭಾಗಿಸಿದರೆ ನಿಜವಾದ ಬೇಡಿಕೆ ದಿನಕ್ಕೆ 5. ಇದನ್ನು ಸರಿಪಡಿಸದಿದ್ದರೆ ಕೊರತೆಯೇ ಕೊರತೆಯನ್ನು ಹೆರುತ್ತದೆ: ಖಾಲಿಯಾದಷ್ಟೂ ಸರಾಸರಿ ಇಳಿಯುತ್ತದೆ, ಆರ್ಡರ್ ಇನ್ನೂ ತಡವಾಗುತ್ತದೆ.

ಮಾಲು ಸಾಮಾನ್ಯವಾಗಿ 3 ದಿನಕ್ಕೆ ಬರುತ್ತದೆ, ಹಬ್ಬದ ರಜೆ ಅಡ್ಡ ಬಂದರೆ 6 ದಿನ. ನಾನಾದರೆ 6 ಅನ್ನೇ ಹಿಡಿಯುತ್ತೇನೆ; ದಿನವೂ ನುಂಗಬೇಕಾದ ಮಾತ್ರೆಗೆ ನಾಳೆ ಬನ್ನಿ ಎನ್ನಲಾಗದು. ಮಾರಾಟ B2ನಲ್ಲಿ, ಒಟ್ಟು ದಿನ C2ನಲ್ಲಿ, ಖಾಲಿ ಇದ್ದ ದಿನ D2ನಲ್ಲಿ, ಮಾಲು ಬರುವ ದಿನ E2ನಲ್ಲಿ ಇದ್ದರೆ ಸೂತ್ರ ಇಷ್ಟೇ:

```
=ROUNDUP(B2/(C2-D2)*E2,0)
```

ಉತ್ತರ 30. ಹಳೆಯ ಸರಾಸರಿಯನ್ನೂ 3 ದಿನವನ್ನೂ ನಂಬಿದ್ದರೆ 13ಕ್ಕೆ ಇಳಿಯುವ ತನಕ ಸುಮ್ಮನಿರುತ್ತಿದ್ದೆವು. ಸಂಬಳ, ಪಿಂಚಣಿ ಕೈಗೆ ಬರುವ ತಿಂಗಳ ಮೊದಲ ವಾರ ದಿನಕ್ಕೆ 8 ಹೋದರೆ ಆ 13 ಎರಡು ದಿನಕ್ಕೂ ಸಾಲದು. ಅಂಥ ಅಂಗಡಿಯಲ್ಲಿ ತಿಂಗಳ ಕೊನೆಗೆ ಲೆವೆಲ್ ಅನ್ನು 48ಕ್ಕೆ ಏರಿಸಿಕೊಳ್ಳಬೇಕು.

ಸರಾಸರಿ ಕೆಳಕ್ಕೆ ಇಳಿಯುವಂತೆ ಮೇಲಕ್ಕೂ ಜಿಗಿಯುತ್ತದೆ. ಆರೋಗ್ಯ ಶಿಬಿರವೊಂದು ಒಮ್ಮೆಗೇ 100 ಸ್ಟ್ರಿಪ್ ಒಯ್ದಿದ್ದರೆ ಅದನ್ನು B2ನಿಂದ ತೆಗೆಯಿರಿ. ಕೆಲವು ಸಾಲುಗಳಲ್ಲಿ ಸ್ಟ್ರಿಪ್, ಕೆಲವದರಲ್ಲಿ ಬಿಡಿ ಮಾತ್ರೆ ಬರೆದಿದ್ದರಂತೂ ಲೆಕ್ಕ ಹತ್ತು ಪಟ್ಟು ತಪ್ಪುತ್ತದೆ. ಒಂದು ದಿನದ ಮಾರಾಟ ಇದ್ದಕ್ಕಿದ್ದಂತೆ ಬೆಟ್ಟದಷ್ಟು ಕಂಡರೆ ಮೊದಲು ಇದನ್ನೇ ನೋಡಿ.

ಆರು ತಿಂಗಳಲ್ಲಿ ಮೂರೇ ಬಾರಿ ಹೋದ ಕಣ್ಣಿನ ಹನಿಗೆ ಈ ಸೂತ್ರ ಹಾಕಿದರೆ ಬರುವ ಉತ್ತರ 1. ಅಲ್ಲಿ ಸರಾಸರಿ ಏನನ್ನೂ ಹೇಳುವುದಿಲ್ಲ. ಒಂದು ಬಾಟಲಿ ಇಟ್ಟು, ಅದು ಹೋದ ದಿನವೇ ಇನ್ನೊಂದನ್ನು ತರಿಸಿ. ಹೆಚ್ಚು ಇಟ್ಟರೆ ಎಕ್ಸ್‌ಪೈರಿ ಡಬ್ಬಕ್ಕೆ ಹೋಗುತ್ತದೆ.