ಬಾಗಿಲ ಹೊರಗೆ ಕಾಗಕ್ಕ

ಮಲಗುವ ಹೊತ್ತಿಗೆ ಮಗು ‘ಕಥೆ ಹೇಳು’ ಎನ್ನುತ್ತದೆ. ಎಷ್ಟು ಉದ್ದದ ಕಥೆ, ಯಾವ ನೀತಿಯ ಕಥೆ ಎಂದು ಹೇಳುವುದಿಲ್ಲ. ನೆಂಟರ ಮನೆಯ ಮಗುವಾದರೆ ಅದರ ವಯಸ್ಸೂ ಹೇಳುವವರಿಗೆ ಸರಿಯಾಗಿ ತಿಳಿದಿರುವುದಿಲ್ಲ. ಇಂಥ ಹೊತ್ತಿಗೆ ಪಂಚತಂತ್ರ ಅಷ್ಟು ಸುಲಭವಾಗಿ ಒದಗುವುದಿಲ್ಲ. ವಿಷ್ಣುಶರ್ಮನ ಮುಂದೆ ಕೂತವರು ಯಾರೆಂಬುದು ಗೊತ್ತಿತ್ತು: ಮೂವರು ರಾಜಕುಮಾರರು. ಗಡುವು ಆರು ತಿಂಗಳು, ಪಾಠ ರಾಜನೀತಿ. ಸುಮಾರು 1031ರಲ್ಲಿ ದುರ್ಗಸಿಂಹ ಕನ್ನಡದಲ್ಲಿ ಬರೆದ ಪಂಚತಂತ್ರವೂ ಚಂಪೂ ಕಾವ್ಯ, ಹಾಸಿಗೆಯ ಪಕ್ಕದ ಕಥೆಯಲ್ಲ.

ಏನೂ ಗೊತ್ತಿಲ್ಲದಾಗ ಬೇಕಾಗುವುದು ಹೇಳುತ್ತ ಹೇಳುತ್ತಲೇ ಹಿಗ್ಗಿಸಿ ಕುಗ್ಗಿಸಬಹುದಾದ ಕಥೆ. ಕರ್ನಾಟಕದ ಮನೆಗಳಲ್ಲಿ ಚಾಲ್ತಿಯಲ್ಲಿರುವ ಕಾಗಕ್ಕ-ಗುಬ್ಬಕ್ಕನ ಕಥೆ ಅಂಥದ್ದು. ಮರಾಠಿಯಲ್ಲೂ ಇದನ್ನು ಹೇಳುತ್ತಾರೆ. ಕಾಗಕ್ಕನದು ಸಗಣಿಯ ಮನೆ, ಗುಬ್ಬಕ್ಕನದು ಗಟ್ಟಿ ಮನೆ. ಜೋರು ಮಳೆಗೆ ಸಗಣಿಯ ಮನೆ ಕರಗಿಹೋಗುತ್ತದೆ. ನೆನೆದ ಕಾಗಕ್ಕ ಬಂದು ಗುಬ್ಬಕ್ಕನ ಬಾಗಿಲು ಬಡಿಯುತ್ತದೆ. ಒಳಗಿನಿಂದ ಗುಬ್ಬಕ್ಕ ಒಂದೊಂದು ಸಲವೂ ಒಂದೊಂದು ಕೆಲಸದ ನೆಪ ಹೇಳಿ ಕಾಯಿಸುತ್ತದೆ. ಕೊನೆಗೆ ಬಾಗಿಲು ತೆರೆಯುತ್ತದೆ. ಆಮೇಲೆ ಏನಾಯಿತು ಎಂಬುದು ಮನೆಯಿಂದ ಮನೆಗೆ ಬೇರೆ.

ಕಥೆಯ ಜೀವ ಇರುವುದು ಬಾಗಿಲ ಬಳಿ. ಮೊದಲ ಬಡಿತಕ್ಕೆ ಗುಬ್ಬಕ್ಕ ಮರಿಗೆ ಸ್ನಾನ ಮಾಡಿಸುತ್ತಿರುತ್ತದೆ, ಎರಡನೆಯದಕ್ಕೆ ಮೈ ಒರೆಸುತ್ತಿರುತ್ತದೆ, ಮೂರನೆಯದಕ್ಕೆ ಅನ್ನ ಉಣಿಸುತ್ತಿರುತ್ತದೆ. ಮೂರು ಬಡಿತಕ್ಕೇ ಬಾಗಿಲು ತೆಗೆದರೆ ಐದು ನಿಮಿಷದೊಳಗೆ ಕಥೆ ಮುಗಿಯುತ್ತದೆ. ಮಗುವಿನ ಕಣ್ಣು ಇನ್ನೂ ಅರಳಿಯೇ ಇದ್ದರೆ ತಲೆ ಬಾಚುವುದು, ಹಾಸಿಗೆ ಹಾಸುವುದು, ತೊಟ್ಟಿಲು ತೂಗುವುದು ಎಂದು ಬೆಳೆಸಬಹುದು. ಈ ಕೆಲಸಗಳೆಲ್ಲ ಮಲಗುವ ಕಡೆಗೇ ಸಾಗುವುದು ಈ ಕಥೆಯ ಜಾಣತನ. ಒಂದೊಂದು ಬಡಿತಕ್ಕೂ ಹೇಳುವವರ ದನಿ ತುಸು ತಗ್ಗಬೇಕು, ನಡುವಿನ ಬಿಡುವು ತುಸು ಹೆಚ್ಚಬೇಕು.

ವಯಸ್ಸನ್ನು ಅಳೆಯುವ ಜಾಗವೂ ಇದೇ. ಎರಡನೆಯ ಬಡಿತದ ಹೊತ್ತಿಗೆ ಕಾಗಕ್ಕನ ಮಾತನ್ನು ಅರ್ಧಕ್ಕೇ ನಿಲ್ಲಿಸಿ ನೋಡಬೇಕು. ಸಾಮಾನ್ಯವಾಗಿ ಮೂರರ ಆಸುಪಾಸಿನ ಮಗು ‘ಬಾಗಿಲು ತೆಗಿ’ ಎಂದು ತಾನೇ ಪೂರ್ತಿ ಮಾಡುತ್ತದೆ; ಅದಕ್ಕೆ ಮಾತು ಮರಳಿ ಬರುವುದೇ ಸುಖ, ಹೊಸ ಘಟನೆ ಬೇಕಿಲ್ಲ. ಐದರ ಮಗು ಮುಂದಿನ ನೆಪ ಏನೆಂದು ಊಹಿಸಲು ಹೊರಡುತ್ತದೆ. ಏಳೆಂಟರ ಮಗುವಿಗೆ ಸುಳ್ಳಿನ ವಾಸನೆ ಬಡಿಯುತ್ತದೆ: ಅಷ್ಟು ಹೊತ್ತು ಯಾರಾದರೂ ಸ್ನಾನ ಮಾಡಿಸುತ್ತಾರಾ, ಮೊದಲೇ ಬಾಗಿಲು ತೆಗೆಯಬಹುದಿತ್ತಲ್ಲ ಎಂದು ಕೇಳುತ್ತದೆ. ಆಗ ಬಡಿತಗಳನ್ನು ಅಲ್ಲಿಗೇ ನಿಲ್ಲಿಸಿ ಕಾಗಕ್ಕನನ್ನು ಒಳಗೆ ಕರೆಯುವುದು ಒಳ್ಳೆಯದು. ಪುನರಾವರ್ತನೆ ಆ ವಯಸ್ಸಿಗೆ ಬೇಗ ಸಪ್ಪೆಯಾಗುತ್ತದೆ.

ನೀತಿ ಯಾವುದೆಂದು ತೀರ್ಮಾನವಾಗುವುದು ಬಾಗಿಲು ತೆರೆದ ಮೇಲೆ. ಒಂದು ಪಾಠದಲ್ಲಿ ಚಳಿ ಕಾಯಿಸಿಕೊಳ್ಳಲು ಒಲೆಯ ಹತ್ತಿರ ಕೂತ ಕಾಗಕ್ಕ ಸುಟ್ಟುಕೊಳ್ಳುತ್ತದೆ. ಇನ್ನೊಂದರಲ್ಲಿ ಕಾಳಿನ ಜೊತೆ ಮಲಗಿದ ಕಾಗಕ್ಕ ರಾತ್ರಿಯೆಲ್ಲ ಕಟುಂ ಕುಟುಂ ಎಂದು ತಿಂದು ಮುಗಿಸುತ್ತದೆ. ಒಲೆಯ ಕಥೆಯಲ್ಲಿ ಗುಬ್ಬಕ್ಕ ಗಟ್ಟಿಗಿತ್ತಿಯೂ ಹೌದು, ಕಲ್ಲೆದೆಯವಳೂ ಹೌದು. ಕಾಳಿನ ಕಥೆಯಲ್ಲಿ ಕಾಯಿಸಿದ್ದಕ್ಕೆ ಬೆಲೆ ತೆರುತ್ತಾಳೆ. ದೀಪ ಆರಿಸುವ ಹೊತ್ತಿಗೆ ಒಲೆಯ ಪಾಠ ಬೇಡ. ಸುಟ್ಟ ಕಾಗಕ್ಕನಿಗೆ ಆಮೇಲೆ ಏನಾಯಿತು ಎಂಬ ಪ್ರಶ್ನೆ ನಿದ್ದೆಗೆ ಬಿಡುವುದಿಲ್ಲ. ಕಟುಂ ಕುಟುಂ ನಗು ತರಿಸುತ್ತದೆ, ಸದ್ದನ್ನು ನಿಧಾನ ಮಾಡುತ್ತ ಹೋದರೆ ಜೋಗುಳದಂತೆಯೂ ಕೇಳುತ್ತದೆ. ಯಾರದು ತಪ್ಪು ಎಂದು ಹೇಳಬೇಕಾಗಿಲ್ಲ. ಮಗು ಕೇಳಿದರೆ ‘ನಿನಗೇನನ್ನಿಸಿತು?’ ಎಂದರೆ ಸಾಕು, ಆ ಚರ್ಚೆ ಬೆಳಗಿನ ತಿಂಡಿಗೂ ಉಳಿಯಬಹುದು.

ಕಥೆ ಕೆಡುವುದು ಹೆಚ್ಚಾಗಿ ಹೇಳುವವರ ಉತ್ಸಾಹದಿಂದ. ಗುಡುಗಿಗೆ ಕೂಗು, ಬಡಿತಕ್ಕೆ ಗೋಡೆ ಗುದ್ದುವುದು ಶುರುವಾದರೆ ಮಗು ಎದ್ದು ಕೂತು ಅಭಿನಯಕ್ಕೇ ಇಳಿಯುತ್ತದೆ. ಮಳೆಯ ಆರ್ಭಟವೆಲ್ಲ ಮೊದಲ ಭಾಗದಲ್ಲೇ ತೀರಬೇಕು. ಮೂರರ ತಂಗಿಯೂ ಎಂಟರ ಅಣ್ಣನೂ ಒಂದೇ ಹಾಸಿಗೆಯಲ್ಲಿದ್ದರೆ ಕಾಗಕ್ಕನ ಮಾತು ತಂಗಿಗೆ, ನೆಪ ಹುಡುಕುವ ಕೆಲಸ ಅಣ್ಣನಿಗೆ. ಅಣ್ಣ ಹೇಳುವ ನೆಪಗಳು ಕ್ರಿಕೆಟ್ ಮ್ಯಾಚಿನವರೆಗೆ ಹೋಗುವುದುಂಟು, ಅದಕ್ಕೊಂದು ಮಿತಿ ಹಾಕಬೇಕಾಗುತ್ತದೆ.

ಮರುದಿನ ಅದೇ ಕಥೆ ಬೇಕೆಂದು ಹಟ ಹಿಡಿದರೆ ನಿನ್ನೆ ಹೇಳಿದ ಕೆಲಸಗಳನ್ನು ಅದೇ ಕ್ರಮದಲ್ಲಿ ಹೇಳಬೇಕು. ಸ್ನಾನಕ್ಕೆ ಮೊದಲೇ ಊಟ ಬಂದರೆ ಚಿಕ್ಕ ಮಗು ತಡೆದು ತಿದ್ದುತ್ತದೆ, ಕೆಲವೊಮ್ಮೆ ಮೊದಲಿನಿಂದ ಹೇಳಿಸುತ್ತದೆ. ಬದಲಾವಣೆ ಬೇಕೆನಿಸಿದರೆ ಹಳೆಯ ಸಾಲನ್ನು ಹಾಗೇ ಬಿಟ್ಟು, ಬಾಗಿಲು ತೆರೆಯುವ ಮುಂಚೆ ಹೊಸದೊಂದು ನೆಪ ಸೇರಿಸಿದರಾಯಿತು.