ಹನ್ನೆರಡು ಕೊಳವೆಬಾವಿ ಎಷ್ಟು ಹೇಳಬಲ್ಲವು?

ಪ್ರಬಂಧದ ಕೊನೆಯಲ್ಲಿ ಬರುವ ‘ಅಧ್ಯಯನದ ಮಿತಿಗಳು’ ಎಂಬ ಪ್ಯಾರಾ ಒಂದು ಶಿಷ್ಟಾಚಾರದ ಕ್ಷಮಾಪಣೆ ಎಂದೇ ಹಲವರು ತಿಳಿದಿದ್ದಾರೆ. ‘ಮಾದರಿ ಚಿಕ್ಕದು, ಸಮಯ ಸಾಲಲಿಲ್ಲ, ಹೆಚ್ಚಿನ ಸಂಶೋಧನೆ ಬೇಕು’ ಎಂಬ ಮಾತುಗಳನ್ನು ಯಾವ ಪ್ರಬಂಧಕ್ಕೆ ಅಂಟಿಸಿದರೂ ಹೊಂದುತ್ತವೆ. ಅವು ನಿರುಪಯೋಗಿ ಎನ್ನಲು ಅಷ್ಟೇ ಸಾಕು. ನಿಜವಾದ ಮಿತಿ ತೀರ್ಮಾನದ ಒಂದಾದರೂ ವಾಕ್ಯವನ್ನು ತಿದ್ದುತ್ತದೆ.

ಕೋಲಾರ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ. ಕುಡಿಯುವ ನೀರಿನ ಭಾರತೀಯ ಮಾನಕ ಲೀಟರಿಗೆ 1 ಮಿಲಿಗ್ರಾಂ ಇರಲಿ ಎನ್ನುತ್ತದೆ. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪುತ್ತದೆ. ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿ ಸುತ್ತಲಿನ 12 ಕೊಳವೆಬಾವಿಗಳ ನೀರನ್ನು ಒಬ್ಬ ವಿದ್ಯಾರ್ಥಿನಿ ಬಣ್ಣ ಹೋಲಿಸುವ ಕಿಟ್‌ನಲ್ಲಿ ಪರೀಕ್ಷಿಸಿದಳು ಎಂದುಕೊಳ್ಳಿ. ಬಣ್ಣದ ಪಟ್ಟಿಯಲ್ಲಿ ಮೆಟ್ಟಿಲಿಗೆ 0.5 ಅಂತರ. ಏಳರಲ್ಲಿ 1 ಅಥವಾ ಕಡಿಮೆ, ಎರಡರಲ್ಲಿ 1.5, ಮೂರರಲ್ಲಿ 2.5 ಬಂತು. ‘ಐದು ಬಾವಿಗಳ ನೀರು 1.5ರ ಮಿತಿ ಮುಟ್ಟಿದೆ ಅಥವಾ ದಾಟಿದೆ’ ಎಂದು ಬರೆಯುವ ಆಸೆ ಹುಟ್ಟುವುದು ಇಲ್ಲೇ. ಆದರೆ ಈ ಪಟ್ಟಿಯಲ್ಲಿ 1.5 ಎಂದರೆ ಸುಮಾರು 1.25ರಿಂದ 1.75ರ ನಡುವೆ ಎಲ್ಲಾದರೂ ಇರಬಹುದು. ಹಾಗಾಗಿ ಆ ಎರಡು ಬಾವಿಗಳ ಬಗ್ಗೆ ಕಿಟ್‌ಗೆ ತೀರ್ಪು ಕೊಡುವ ಶಕ್ತಿ ಇಲ್ಲ. ದಾಟಿವೆ ಎನ್ನಬಹುದಾದದ್ದು ಮೂರು ಮಾತ್ರ. ಒಂದೇ ಬಾಟಲಿಯನ್ನು ಹತ್ತು ಸಲ ನೋಡಿ ಸರಾಸರಿ ತೆಗೆದರೆ ಸರಿಹೋಗುತ್ತದೆ ಎನ್ನುವುದು ಇನ್ನೊಂದು ತಪ್ಪು ನಂಬಿಕೆ. ನೀರಿನ ಕ್ಷಾರೀಯತೆಯಿಂದ ಬಣ್ಣವೇ ಒಂದು ಕಡೆಗೆ ವಾಲಿದ್ದರೆ ಹತ್ತು ಓದುಗಳೂ ಅತ್ತಲೇ ವಾಲುತ್ತವೆ. ಬಾವಿಗಳ ಸಂಖ್ಯೆಯೂ 12ರಲ್ಲೇ ಉಳಿಯುತ್ತದೆ.

ಆ 12ಕ್ಕೆ ಎಷ್ಟು ತೂಕ? ಹನ್ನೆರಡರಲ್ಲಿ ಮೂರು ಎಂದರೆ ಶೇ 25. ಬಾವಿಗಳನ್ನು ಚೀಟಿ ಎತ್ತಿಯೇ ಆರಿಸಿದ್ದರೂ, ಶೇ 95ರ ವಿಶ್ವಾಸಮಟ್ಟದಲ್ಲಿ ಇಡೀ ಪ್ರದೇಶದ ಪ್ರಮಾಣ ಶೇ 5ರಿಂದ 57ರವರೆಗೆ ಎಲ್ಲಾದರೂ ಇರಬಹುದು. ರಸ್ತೆ ಪಕ್ಕದ ಬಾವಿಗಳನ್ನೇ ನೋಡಿದ್ದರೆ ಈ ಲೆಕ್ಕವೂ ನಿಲ್ಲದು. ಬತ್ತಿಹೋದ ಬಾವಿಗಳಂತೂ ಮಾದರಿಗೆ ಬಂದೇ ಇಲ್ಲ. ಬೇಸಿಗೆಯ ಓದು ಮಳೆಗಾಲದ ನಂತರದ ನೀರಿಗೆ ಸಾಕ್ಷಿಯಲ್ಲ. ಊರಿನ ಹಿರಿಯರ ಹಲ್ಲಿನ ಕಲೆಗೆ ಇಂದಿನ ನೀರನ್ನು ದೂರುವುದಂತೂ ಸಲ್ಲದು. ಹಲ್ಲಿನ ಫ್ಲೋರೋಸಿಸ್ ಬಾಲ್ಯದಲ್ಲಿ, ಹಲ್ಲು ರೂಪುಗೊಳ್ಳುವಾಗ ಕುಡಿದ ನೀರಿನ ಗುರುತು.

ಇಷ್ಟನ್ನೂ ಬರೆದರೆ ಪಂಚಾಯಿತಿಯವರು ವರದಿಯನ್ನೇ ಮೂಲೆಗೆಸೆಯುತ್ತಾರೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಮಿತಿಗಳನ್ನು ರಾಶಿ ಹಾಕಿದರೆ ಹಾಗೇ ಆಗುತ್ತದೆ. ಆದರೆ ಒಂದೊಂದು ಮಿತಿಯನ್ನು ಅದು ತಟ್ಟುವ ತೀರ್ಮಾನಕ್ಕೆ ಕಟ್ಟಿದರೆ ಪ್ಯಾರಾ ಹೀಗಾಗುತ್ತದೆ: ‘ಮೂರು ಬಾವಿಗಳ ನೀರು ಕಿಟ್‌ನ ಅರ್ಧ ಮೆಟ್ಟಿಲಿನ ದೋಷ ಕಳೆದರೂ 1.5ಕ್ಕಿಂತ ಮೇಲಿದೆ. ಎರಡು ಬಾವಿಗಳ ನೀರನ್ನು ಪ್ರಯೋಗಾಲಯದಲ್ಲಿ ಎಲೆಕ್ಟ್ರೋಡ್‌ನಿಂದ ಅಳೆಯದೆ ಏನೂ ಹೇಳಲಾಗದು. ತಾಲ್ಲೂಕಿನ ಶೇಕಡಾವಾರು ಲೆಕ್ಕಕ್ಕೆ ಈ ಮಾದರಿ ಸಾಲದು. ಮಳೆಗಾಲದ ನಂತರದ ನೀರಿಗೂ ಇದು ಅನ್ವಯಿಸದು.’ ಇದನ್ನು ಓದಿದ ಪಂಚಾಯಿತಿ ಆ ಮೂರು ಬಾವಿಗಳ ನೀರನ್ನು ಕುಡಿಯಲು ಕೊಡುವುದನ್ನು ಈ ವಾರವೇ ನಿಲ್ಲಿಸಬಹುದು, ಎರಡು ಬಾಟಲಿಗಳನ್ನು ಪ್ರಯೋಗಾಲಯಕ್ಕೆ ಕಳಿಸಬಹುದು.